ಸಹಾಯ ಬೇಕು: ಕಾಮೆಂಟರಿಯಿಂದ ಸ್ಕೋರ್‌ಕಾರ್ಡ್, ಓವರ್ ಲೆಕ್ಕ ಕೂಡುತ್ತಿಲ್ಲ

ಚಿಂತಾಮಣಿಯ ನಮ್ಮ ಟೆನಿಸ್ ಬಾಲ್ ಮ್ಯಾಚಿನ ವಾಟ್ಸಾಪ್ ಕಾಮೆಂಟರಿಯನ್ನು ಎಕ್ಸೆಲ್‌ಗೆ ಹಾಕಿದ್ದೇನೆ, ಸಾಲಿಗೊಂದು ಎಸೆತ. ಓವರ್, ರನ್, ವಿಕೆಟ್ ಟೇಬಲ್ ಮಾಡಬೇಕು.

ಏಳನೇ ಓವರ್ ನೋಡಿ: 1, ವೈಡ್, 0, 4, ರನ್ ಇಲ್ಲದೆ ರನೌಟ್, ಲೆಗ್ ಬೈ 1, ಕೊನೆಗೆ 2. ಸಾಲು ಏಳು, ಲೆಕ್ಕಕ್ಕೆ ಬರುವ ಎಸೆತ ಆರೇ. ತಂಡಕ್ಕೆ 9 ರನ್, ಒಂದು ವಿಕೆಟ್ ಹೋಯಿತು. ಬೌಲರ್ ಹೆಸರಿಗೆ 8 ರನ್ ಮಾತ್ರ, ಯಾಕಂದ್ರೆ ಲೆಗ್ ಬೈ ಅವನ ಲೆಕ್ಕವಲ್ಲ. ರನೌಟ್ ವಿಕೆಟ್ಟೂ ಅವನಿಗೆ ಸೇರದು. ಇದು ಸರಿ ಬರುತ್ತಿದೆ.

D ಕಾಲಂನಲ್ಲಿ ವೈಡ್, ನೋಬಾಲ್‌ಗೆ 0, ಉಳಿದದ್ದಕ್ಕೆ 1. ಓವರ್ ನಂಬರ್‌ಗೆ ಇದು:

```
=INT(SUM(D$2:D2)/6)+1
```

ಆದರೆ ಪ್ರತಿ ಓವರ್‌ನ ಆರನೇ ಎಸೆತ ಮುಂದಿನ ಓವರ್‌ಗೆ ಜಾರುತ್ತದೆ. ಒಂದು ಕಳೆದು ಭಾಗಿಸಿದರೆ ಓವರ್ ಶುರುವಿನ ವೈಡ್ ಹಿಂದಿನ ಓವರ್‌ಗೆ ಸೇರುತ್ತದೆ. ಎರಡೂ ಸರಿಹೋಗುವ ಫಾರ್ಮುಲಾ ಗೊತ್ತಿದ್ದವರು ದಯವಿಟ್ಟು ತಿಳಿಸಿ.