ಅಪ್‌ಡೇಟ್: ಮ್ಯೂನಿಕ್ ಏರ್‌ಪೋರ್ಟ್‌ಗೆ ಸರಿಯಾದ ರೈಲು ಸಿಕ್ಕಿತು

ನನ್ನ ಪ್ರಶ್ನೆ ಇದಾಗಿತ್ತು: "ಮ್ಯೂನಿಕ್‌ನಲ್ಲಿ S1 ಹತ್ತಿದರೂ ಏರ್‌ಪೋರ್ಟ್ ಬರಲಿಲ್ಲ. ಜರ್ಮನ್ ಬರೋದಿಲ್ಲ. ತಪ್ಪಿದ್ದು ಎಲ್ಲಿ?"

ನಿನ್ನೆ ಮತ್ತೆ ಹೋಗಿ ಬಂದೆ. ರೈಲು ಸರಿಯಾಗಿಯೇ ಇತ್ತು, ನಾನು ಕೂತ ಭಾಗ ತಪ್ಪಾಗಿತ್ತು. S1 ನೊಯ್‌ಫಾರ್ನ್ ನಿಲ್ದಾಣದಲ್ಲಿ ಎರಡಾಗುತ್ತದೆ. ಹಿಂದಿನ ಭಾಗ ಏರ್‌ಪೋರ್ಟ್‌ಗೆ, ಮುಂದಿನದು ಫ್ರೈಸಿಂಗ್ ಊರಿಗೆ. ಒಳಗಿನಿಂದ ಒಂದು ಭಾಗದಿಂದ ಇನ್ನೊಂದಕ್ಕೆ ನಡೆದು ಹೋಗಲು ದಾರಿ ಇಲ್ಲ. ಅವತ್ತು ಕೇಳಿದ ಘೋಷಣೆ ಇದನ್ನೇ ಹೇಳುತ್ತಿತ್ತು ಅಂತ ಈಗ ಗೊತ್ತಾಯಿತು.

ಈ ಸಲ ಪ್ಲಾಟ್‌ಫಾರ್ಮ್ ಬೋರ್ಡ್ ನೋಡಿ ಸುಮ್ನೆ ಹತ್ತಲಿಲ್ಲ. ಬೋಗಿಯ ಮೇಲಿನ ಹೆಸರನ್ನೇ ಓದಿದೆ. Flughafen ಅಂದರೆ ಏರ್‌ಪೋರ್ಟ್. Freising ಅಂತಿದ್ದರೆ ಆ ಭಾಗ ಬೇಡ. ಈ ಎರಡು ಪದ ಗುರುತಿದ್ದರೆ ಸಾಕು, ಭಾಷೆ ಬರಬೇಕಿಲ್ಲ ಅಲ್ವಾ?

ತಪ್ಪಿ ಮುಂದೆ ಕೂತಿದ್ದರೆ ನೊಯ್‌ಫಾರ್ನ್‌ವರೆಗೆ ಕಾಯಬೇಡಿ. ಅದಕ್ಕೂ ಮೊದಲಿನ ಯಾವುದಾದರೂ ನಿಲ್ದಾಣದಲ್ಲಿ ಇಳಿದು, ಬೇಗ ಹಿಂದಿನ ಭಾಗಕ್ಕೆ ಹೋಗಿ ಹತ್ತಿ.

ಇನ್ನೊಂದು ವಿಷಯ. ಮೊದಲು Flughafen Besucherpark ಬರುತ್ತದೆ. ಅದು ಟರ್ಮಿನಲ್ ಅಲ್ಲ, ಮುಂದಿನ ನಿಲ್ದಾಣದಲ್ಲಿ ಇಳಿಯಬೇಕು. ಲಗೇಜ್ ಜಾಸ್ತಿ ಇದ್ದರೆ S8 ಹಿಡಿಯಿರಿ, ಅದು ಹೀಗೆ ಎರಡಾಗುವುದಿಲ್ಲ.