ಸೋನಾ ಮಸೂರಿ ಅಕ್ಕಿಗೆ ‘ಸಾವಯವ’ ಅಂತ ಬರೆಯುವ ಮುಂಚೆ

ಗಂಗಾವತಿಯಿಂದ: ನಮ್ಮ ರೈತರ ಗುಂಪಿಗೆ ಪಿಜಿಎಸ್-ಗ್ರೀನ್ ಸಿಕ್ಕಿದೆ, ರೈತರೇ ಒಬ್ಬರ ಗದ್ದೆ ಒಬ್ಬರು ಪರಿಶೀಲಿಸಿ ಪಡೆಯೋ ಪ್ರಮಾಣಪತ್ರ ಅದು. ಅಕ್ಕಿ ಆನ್‌ಲೈನ್‌ನಲ್ಲಿ ಮಾರಬೇಕು. ‘ಸಾವಯವ, ರಾಸಾಯನಿಕ ಮುಕ್ತ, ಪರಿಸರ ಸ್ನೇಹಿ’ ಅಂತ ಬರೆದ್ರೆ, ಆಧಾರ ಕೇಳಿದೋರಿಗೆ ಏನು ತೋರಿಸ್ಬೇಕು?

ಸಿಂಧನೂರಿನಿಂದ: ಲ್ಯಾಬ್ ರಿಪೋರ್ಟ್ ಒಂದಿದ್ರೆ ಸಾಕ್ರೀ. ಕೀಟನಾಶಕ ಪತ್ತೆಯಾಗಿಲ್ಲ ಅಂತ ಬಂದ್ರೆ ಮುಗೀತು. ವರ್ಷದ ವಹಿವಾಟು 12 ಲಕ್ಷದೊಳಗಿದ್ರೆ ಪ್ರಮಾಣಪತ್ರನೂ ಬೇಡ.

ಸಿರುಗುಪ್ಪದಿಂದ: 12 ಲಕ್ಷದ ಮಾತು ಅರ್ಧ ಸರಿ ಅಣ್ಣ. ಅದು ಬೆಳೆದವರೇ ತಿನ್ನುವವರಿಗೆ ನೇರವಾಗಿ ಮಾರುವಾಗ ಮಾತ್ರ, ಆಗಲೂ ಸರ್ಕಾರದ ಸಾವಯವ ಗುರುತಾದ ಜೈವಿಕ್ ಭಾರತ್ ಹಾಕೋ ಹಾಗಿಲ್ಲ. ಲ್ಯಾಬ್ ರಿಪೋರ್ಟ್ ಹೇಳೋದು ಕಳಿಸಿದ ಆ ಮಾದರಿಯಲ್ಲಿ, ಅವರು ಹುಡುಕಿದ ಕೀಟನಾಶಕಗಳ ಬಗ್ಗೆ ಅಷ್ಟೇ. ಗದ್ದೆಗೆ ಯೂರಿಯಾ ಹಾಕಿದ್ರೂ ಆ ರಿಪೋರ್ಟ್ ಶುದ್ಧವಾಗೇ ಬರಬಹುದು. ಅದಕ್ಕೆ ‘ರಾಸಾಯನಿಕ ಮುಕ್ತ’ ಅನ್ನೋದನ್ನ ಬಿಡಿ.

ಗ್ರೀನ್ ಅಂದ್ರೆ ಇನ್ನೂ ಪರಿವರ್ತನೆಯ ಹಂತ. ಹಾಗೇ ಬರೀರಿ: ‘ಸಾವಯವಕ್ಕೆ ಪರಿವರ್ತನೆಯಲ್ಲಿರುವ ಗದ್ದೆಯ ಅಕ್ಕಿ, ಪಿಜಿಎಸ್-ಗ್ರೀನ್, ಪ್ರಮಾಣಪತ್ರ ಸಂಖ್ಯೆ ಇಂತಿಷ್ಟು, ಬ್ಯಾಚ್ ಇಂತಿಷ್ಟು.’ ಪ್ರಮಾಣಪತ್ರದ ಅವಧಿಯೊಳಗೆ ಕೊಯ್ದ ಭತ್ತವೇ ಆ ಬ್ಯಾಚಲ್ಲಿರಬೇಕು.

ಜಾಣ ಗಿರಾಕಿ ಲೆಕ್ಕ ಕೇಳ್ತಾನೆ. 10 ಕ್ವಿಂಟಾಲ್ ಭತ್ತಕ್ಕೆ ಸುಮಾರು 6.5 ಕ್ವಿಂಟಾಲ್ ಅಕ್ಕಿ ಬರುತ್ತೆ. ನೀವು 8 ಕ್ವಿಂಟಾಲ್ ಮಾರಿದ್ದು ಕಂಡ್ರೆ ಉಳಿದಿದ್ದು ಎಲ್ಲಿಂದ ಬಂತು ಅಂತಾನೆ. ಕೊಯ್ಲಿನ ತೂಕ, ಗಿರಣಿ ಚೀಟಿ, ಮಾರಾಟದ ಬಿಲ್ಲು ಮೂರೂ ಒಂದೇ ಬ್ಯಾಚ್ ಸಂಖ್ಯೆ ಹೊತ್ತಿರಲಿ.

ಬಾಡಿಗೆ ಗಿರಣಿಯಲ್ಲಿ ಮೊದಲು ಉದುರೋದು ಹಿಂದಿನವರ ಅಕ್ಕಿ. ಯಂತ್ರ ಖಾಲಿ ಮಾಡಿಸಿ, ಮೊದಲು ಬಂದ ಅಕ್ಕಿಯನ್ನ ಬೇರೆ ಇಟ್ಟು ಸಾದಾ ಅಕ್ಕಿ ಅಂತ ಮಾರಿ. ಹಳೇ ಯೂರಿಯಾ ಚೀಲದಲ್ಲಿ ಭತ್ತ ತುಂಬಬೇಡಿ. ಗೋದಾಮಿನಲ್ಲಿ ಹುಳಕ್ಕೆ ಮಾತ್ರೆ ಇಟ್ಟಿದ್ರೆ ಆ ಅಕ್ಕಿ ಮೇಲೆ ಸಾವಯವದ ಮಾತೇ ಬೇಡ.

ಕೊಪ್ಪಳದಿಂದ: ನಮ್ದು ಕಿನ್ನಾಳ ಗೊಂಬೆ. ಹುಣಸೆ ಬೀಜದ ಅಂಟು, ಹಗುರ ಮರ. ‘ಸಂಪೂರ್ಣ ನೈಸರ್ಗಿಕ’ ಅನ್ನಬಹುದಾ?

ಸಿರುಗುಪ್ಪದಿಂದ: ಮೇಲೆ ಎನಾಮೆಲ್ ಬಣ್ಣ ಬಳಿದಿದ್ರೆ ‘ಸಂಪೂರ್ಣ’ ಸುಳ್ಳಾಗುತ್ತೆ ಅಕ್ಕ. ಭಾಗ ಭಾಗವಾಗಿ ಬರೀರಿ: ಮರ ಇಂಥದ್ದು, ಅಂಟು ಹುಣಸೆ ಬೀಜದ್ದು, ಬಣ್ಣ ಇಂಥದ್ದು. ಅಕ್ಕಿ ಚೀಲಕ್ಕೂ ಅದೇ ದಾರಿ. ಬರೀ ‘ಪರಿಸರ ಸ್ನೇಹಿ’ ಅಂತ ಬಿಡಬಾರದು, ಯಾವುದು ಹೇಗೆ ಅಂತ ವಿವರ, ಪುರಾವೆ ಬೇಕು ಅಂತ 2024ರ ಗ್ರಾಹಕ ರಕ್ಷಣಾ ಮಾರ್ಗಸೂಚಿನೇ ಹೇಳುತ್ತೆ. ‘ಹೊರಚೀಲ ಹತ್ತಿಬಟ್ಟೆ, ಒಳಗೆ ಪ್ಲಾಸ್ಟಿಕ್ ಪದರ ಇದೆ’ ಅಂದ್ರೆ ಯಾರೂ ಪ್ರಶ್ನೆ ಮಾಡಲ್ಲ. ಕಂದು ಕಾಗದದ ಪೊಟ್ಟಣ ಆದ್ರೆ ಒಂದನ್ನ ಹರಿದು ನೋಡಿ, ಒಳಮೈಯಲ್ಲಿ ತೆಳು ಹಾಳೆ ಎದ್ದು ಬಂದ್ರೆ ಅದು ಪ್ಲಾಸ್ಟಿಕ್.

ಗಂಗಾವತಿಯಿಂದ: ಒಬ್ಬ ಸದಸ್ಯರ ಗದ್ದೆಗೆ ಮೇಲಿನವರ ಗದ್ದೆ ನೀರು ಬಸಿದು ಬರುತ್ತೆ, ಮೇಲಿನವರು ಔಷಧಿ ಹೊಡೀತಾರೆ. ಅವರ ಭತ್ತ ಸೇರಿಸಬಹುದಾ?

ಸಿರುಗುಪ್ಪದಿಂದ: ನಾನಾದ್ರೆ ಈ ಹಂಗಾಮಿಗೆ ಬೇರೆ ಇಡ್ತೀನಿ.

ಸಿಂಧನೂರಿನಿಂದ: ಹಂಗಾದ್ರೆ ಕಾಲುವೆ ನೀರಿನ ನಾಡಲ್ಲಿ ಯಾರ್ದೂ ಉಳಿಯಲ್ಲ ಬಿಡ್ರಿ. ಬದು ಎತ್ತರಿಸಿ, ಬಸಿಗಾಲುವೆ ತೋಡಿ ಸೇರಿಸಿದ್ರೆ ಆಗುತ್ತೆ ಅಂತ ನನ್ನ ಅಭಿಪ್ರಾಯ.