ಜೋಕು ಬಿದ್ದುಹೋದಾಗ ವೇದಿಕೆಯ ಮೇಲೆ ನೀವು ಏನು ಹೇಳಿದಿರಿ? ಅನುಭವ ಹಂಚಿಕೊಳ್ಳಿ

ಪ್ರಶ್ನೆ ಕೇಳಿದವರು:
ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ಐದು ನಿಮಿಷ ಹಾಸ್ಯವಾಗಿ ಮಾತನಾಡಿದೆ. ಮೂರನೆಯ ಜೋಕಿಗೆ 150 ಜನರಲ್ಲಿ ಒಬ್ಬರೂ ನಗಲಿಲ್ಲ. ಜೋಕು ಇದು: “ಬೇಸಿಗೆಯಲ್ಲಿ ಮಗಳಿಗೆ ವರ ನೋಡಲು ಹೋದಾಗ, ಹುಡುಗನಿಗೆ ಸ್ವಂತ ಮನೆ ಇದೆಯಾ ಅಂತ ಅಲ್ಲ, ಸ್ವಂತ ಬೋರ್‌ವೆಲ್ ಇದೆಯಾ ಅಂತ ನಮ್ಮ ಭಾವನವರು ಕೇಳಿದರು ಅಂತ ಮೊನ್ನೆ ಅಕ್ಕ ಹೇಳ್ತಾ ಇದ್ದಳು.” ಗಾಬರಿಯಾಗಿ ಜೋಕನ್ನು ಬಿಡಿಸಿ ಹೇಳಿದೆ. ಇನ್ನೂ ಕೆಟ್ಟಿತು. ಇಂಥ ಮೌನವನ್ನು ನೀವು ಯಾವ ಮಾತಿನಿಂದ ನಗುವಾಗಿ ತಿರುಗಿಸಿದ್ದೀರಿ? ಡಿಸೆಂಬರ್‌ನಲ್ಲಿ ಅದೇ ಜನರ ಮುಂದೆ ಮತ್ತೆ ನಿಲ್ಲಬೇಕು.

ಕಾಲೇಜು ಕಾರ್ಯಕ್ರಮಗಳ ನಿರೂಪಕ, ಮೈಸೂರು:
ನಾನು ಇಂಥ ಸಂದರ್ಭಕ್ಕೆಂದೇ ಹತ್ತು ಸಾಲುಗಳನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ. ಜೋಕು ಬಿದ್ದ ಕೂಡಲೇ, ಒಂದು ಕ್ಷಣವೂ ಬಿಡದೆ, ಅವುಗಳಲ್ಲಿ ಒಂದನ್ನು ಎಸೆಯುತ್ತೇನೆ. “ಈ ಜೋಕು ಮನೆಯಲ್ಲಿ ಚೆನ್ನಾಗಿ ಓಡಿತ್ತು. ಮನೆಯಲ್ಲಿ ನಾನೊಬ್ಬನೇ ಇದ್ದೆ” ಎಂಬುದು ಎಂದೂ ಕೈಕೊಟ್ಟಿಲ್ಲ. “ಕರೆಂಟು ಹೋದರೂ ಜನ ‘ಓ’ ಅಂತ ಕೂಗ್ತಾರೆ, ನನಗೆ ಅದೂ ಇಲ್ವಲ್ಲ” ಎಂಬುದು ಹಳ್ಳಿಯ ಕಡೆಯ ಸಭೆಗಳಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತದೆ. ಸಾಲುಗಳ ಸಂಗ್ರಹವಿದ್ದರೆ ಮೌನಕ್ಕೆ ಹೆದರಬೇಕಾಗಿಲ್ಲ. ಜೋಕಿಗೊಂದರಂತೆ ಸಾಲು ಸಿದ್ಧವಿರಲಿ, ಅಷ್ಟೇ.

ಹಾಸ್ಯ ಭಾಷಣಕಾರ, ದಾವಣಗೆರೆ:
ಮೈಸೂರಿನ ಗೆಳೆಯರು ಕೊಟ್ಟ ಎರಡೂ ಸಾಲುಗಳು ಚೆನ್ನಾಗಿವೆ, ಆದರೆ ಎರಡು ವಿಷಯಗಳಲ್ಲಿ ನನ್ನ ಅನುಭವ ಬೇರೆ. ಮೊದಲನೆಯದಾಗಿ, ಒಂದು ಭಾಷಣದಲ್ಲಿ ಇಂಥ ಮಾತು ಒಮ್ಮೆ ಹೇಳಿದರೆ ಸಭೆ ನಗುತ್ತದೆ, ಎರಡನೆಯ ಸಲ ಮುಗುಳ್ನಗುತ್ತದೆ, ಮೂರನೆಯ ಸಲ ಕನಿಕರಪಡುತ್ತದೆ. ಮೂರು ಸಲ ಬೇಕಾಯಿತು ಎಂದಾದರೆ ತೊಂದರೆ ಇರುವುದು ಭಾಷಣದಲ್ಲಿಯೇ. ಎರಡನೆಯದಾಗಿ, ಒಂದು ಕ್ಷಣವೂ ಬಿಡದೆ ಮಾತನಾಡಿದರೆ ಸಭೆ ಏಕೆ ನಗಲಿಲ್ಲ ಎಂಬುದನ್ನು ನೋಡಲು ನಮಗೇ ಸಮಯ ಸಿಗುವುದಿಲ್ಲ, ನಿಧಾನವಾಗಿ ಅರ್ಥವಾಗಿ ಏಳಬೇಕಾಗಿದ್ದ ನಗುವನ್ನೂ ನಾವೇ ತುಳಿದುಬಿಡುತ್ತೇವೆ. ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸಿ ಸಭೆಯನ್ನು ನೋಡಬೇಕು. ವೇದಿಕೆಯ ಮೇಲೆ ಅದು ಹತ್ತು ಸೆಕೆಂಡಿನಂತೆ ಭಾಸವಾಗುತ್ತದೆ, ಆದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಕೇಳಿದರೆ ಎರಡನ್ನೂ ದಾಟಿರುವುದಿಲ್ಲ.

ಆ ಎರಡು ಸೆಕೆಂಡಿನಲ್ಲಿ ನೋಡಬೇಕಾದುದು ಏನೆಂದರೆ, ಜನ ಪಕ್ಕದವರ ಕಡೆ ವಾಲಿ “ಏನಂದ್ರು?” ಎಂದು ಕೇಳುತ್ತಿದ್ದರೆ ಜೋಕು ಬಿದ್ದಿಲ್ಲ, ಕೇಳಿಸಿಯೇ ಇಲ್ಲ. ಆಗ ತಮಾಷೆಯ ಮಾತು ಬೇಡ, ಮೈಕನ್ನು ಹತ್ತಿರ ತಂದುಕೊಂಡು ಕೊನೆಯ ವಾಕ್ಯವನ್ನು ಮತ್ತೊಮ್ಮೆ ಹೇಳಿದರೆ ಸಾಕು. ಬಾಯಿ ಮುಚ್ಚಿಕೊಂಡು ಮುಗುಳ್ನಗುತ್ತ ನಿಮ್ಮನ್ನೇ ನೋಡುತ್ತಿದ್ದರೆ ಜೋಕು ಅರ್ಥವಾಗಿದೆ, ಸಾಲದಾಗಿದೆ. ನಿಮ್ಮನ್ನು ನೀವೇ ಗೇಲಿ ಮಾಡಿಕೊಳ್ಳುವ ಮಾತು ನಡೆಯುವುದು ಇಲ್ಲಿ ಮಾತ್ರ. ಕಣ್ಣು ತಗ್ಗಿಸಿದ್ದರೆ ಅಥವಾ ಎಲ್ಲರೂ ಒಬ್ಬರೇ ವ್ಯಕ್ತಿಯ ಕಡೆ ನೋಡುತ್ತಿದ್ದರೆ ಯಾರಿಗೋ ನೋವಾಗಿದೆ. ಅದರ ದಾರಿಯೇ ಬೇರೆ, ಅನುಭವವಿರುವವರು ಬರೆಯಲಿ.

ಇನ್ನು ಮಾತಿನ ವಿಷಯ. ಸಿದ್ಧಪಡಿಸಿಟ್ಟ ಸಾಲಿಗಿಂತ, ಬಿದ್ದ ಜೋಕಿನ ಸಾಮಗ್ರಿಯಿಂದಲೇ ಕಟ್ಟಿದ ಸಾಲು ಹೆಚ್ಚು ಗಟ್ಟಿ, ಏಕೆಂದರೆ ಅದು ಆ ಕ್ಷಣದಲ್ಲಿಯೇ ಹುಟ್ಟಿತು ಎಂದು ಸಭೆ ನಂಬುತ್ತದೆ. ಬ್ಯಾಂಕಿನವರೊಬ್ಬರ ನಿವೃತ್ತಿ ಸಮಾರಂಭದಲ್ಲಿ ಊಟಕ್ಕೆ ಮುಂಚೆ, ಎಂಬತ್ತು ಜನರ ಮುಂದೆ ನನಗೆ ಹತ್ತು ನಿಮಿಷ ಕೊಟ್ಟಿದ್ದರು. ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಬೇಕಲ್ಲವೇ? “ಬ್ಯಾಂಕಿಗೆ ಹೋಗಿ ‘ನಾನು ಬದುಕಿದ್ದೇನೆ’ ಅಂತ ಬರೆದುಕೊಟ್ಟರೆ ಬ್ಯಾಂಕು ನಂಬುತ್ತೆ, ಮನೆಯವರು ನಂಬಲ್ಲ” ಎಂದೆ. ನಿವೃತ್ತರಾಗುತ್ತಿದ್ದ ದಿನವೇ ಸಾವಿನ ನೆನಪಾಯಿತೋ ಏನೋ, ಮುಗುಳ್ನಗೆ ಬಿಟ್ಟರೆ ಸದ್ದಿಲ್ಲ. ಎರಡು ಎಣಿಸಿದೆ. ಅದೇ ದನಿಯಲ್ಲಿ, ಅವಸರವಿಲ್ಲದೆ, “ಈ ಜೋಕಿಗೂ ಲೈಫ್ ಸರ್ಟಿಫಿಕೇಟ್ ಬೇಕಾಗುತ್ತೆ ಅನ್ಸುತ್ತೆ. ಮ್ಯಾನೇಜರ್ ಸಾಹೇಬರೇ, ಒಂದು ಸೈನ್ ಹಾಕ್ತೀರಾ?” ಎಂದೆ. ಮುಂದಿನ ಸಾಲಿನಲ್ಲಿದ್ದ ಅವರು ಜೇಬಿನಿಂದ ಪೆನ್ನು ತೆಗೆದು ಮೇಲೆತ್ತಿ ತೋರಿಸಿದರು. ಇಡೀ ಸಭೆ ನಕ್ಕಿತು, ಮತ್ತು ಆ ನಗುವಿನಲ್ಲಿ ಅರ್ಧ ಅವರದು ಎಂದು ನಾನು ಒಪ್ಪುತ್ತೇನೆ.

ನಗು ಸಿಕ್ಕಿತೆಂದು ಅಲ್ಲಿಯೇ ನಿಲ್ಲಲಿಲ್ಲ. ಮುಂದೆ ಹೇಳಬೇಕಾಗಿದ್ದ ಎರಡು ನಿಮಿಷದ ಕಥೆಯನ್ನು ಬಿಟ್ಟು, ಎರಡೇ ವಾಕ್ಯದಲ್ಲಿ ಮುಗಿಯುವ, ಎಂದೂ ಸೋಲದ ಒಂದು ಜೋಕಿಗೆ ಹೋದೆ. ಒಮ್ಮೆ ಬಿದ್ದ ಮೇಲೆ ಸಭೆ ನಮಗೆ ಹೆಚ್ಚು ಸಾಲ ಕೊಡುವುದಿಲ್ಲ. ಉದ್ದನೆಯ ಪೀಠಿಕೆ ಹಾಕಿದರೆ ಅದು ಮುಗಿಯುವ ಮೊದಲೇ ನಂಬಿಕೆ ಹೋಗಿರುತ್ತದೆ. ಕೊನೆಯಲ್ಲಿ ದೊಡ್ಡ ನಗು ಬಂದಾಗ “ನಕ್ಕಿರಲ್ಲ, ಜೋಕು ಬದುಕಿದೆ. ಪೆನ್ಷನ್ ಮುಂದುವರಿಸಿ” ಎಂದು ಕುಳಿತೆ. ಅಂದಿನ ಅತಿ ದೊಡ್ಡ ಚಪ್ಪಾಳೆ ಬಿದ್ದುಹೋದ ಜೋಕಿನ ಹೆಸರಿನಲ್ಲಿಯೇ ಬಂತು.

ನಿವೃತ್ತ ಶಿಕ್ಷಕರು, ಶಿವಮೊಗ್ಗ:
ಮಾತು ಮರೆತುಹೋಗುವ ತೊಂದರೆ ನನಗೂ ಇತ್ತು. ಅಂಗೈಯಲ್ಲಿ ನಾಲ್ಕು ಪದ ಬರೆದುಕೊಂಡರೆ ಒಳ್ಳೆಯದು. ಬೆವರಿಗೆ ಶಾಯಿ ಅಳಿಸುತ್ತದೆ, ಬಾಲ್ ಪೆನ್ನು ಬಳಸಿ.

ಮದುವೆ ಮತ್ತು ಕಂಪನಿ ಕಾರ್ಯಕ್ರಮಗಳ ನಿರೂಪಕಿ, ಮಂಗಳೂರು:
ಸರ್, ಅವರು ಕೇಳಿದ್ದು ಮರೆವಿನ ಬಗ್ಗೆ ಅಲ್ಲ, ಆದರೆ ಬಾಲ್ ಪೆನ್ನಿನ ಸಲಹೆ ನನಗೆ ಉಪಯೋಗಕ್ಕೆ ಬಂತು.

ದಾವಣಗೆರೆಯವರು ಬಿಟ್ಟ ಜಾಗದಲ್ಲಿ ನಾನು ಒಮ್ಮೆ ನಿಂತಿದ್ದೇನೆ. ಜೋಕಿಗೆ ಯಾರೂ ನಗದಿದ್ದಾಗ “ಒಂದು ನಿಮಿಷ ಮೌನ ಆಚರಿಸಿದ್ದಕ್ಕೆ ಧನ್ಯವಾದಗಳು, ಜೋಕಿನ ಆತ್ಮಕ್ಕೆ ಶಾಂತಿ ಸಿಗಲಿ” ಎಂಬ ಮಾತು ನಿರೂಪಕರಲ್ಲಿ ಬಹಳ ಚಾಲ್ತಿಯಲ್ಲಿದೆ. ಒಂದು ಕಂಪನಿಯ ವಾರ್ಷಿಕೋತ್ಸವದಲ್ಲಿ ನಾನು ಅದನ್ನೇ ಹೇಳಿದೆ. ನಾನು ಬರುವ ಅರ್ಧ ಗಂಟೆ ಮೊದಲು ಅದೇ ವೇದಿಕೆಯಲ್ಲಿ, ತೀರಿಕೊಂಡ ಸಹೋದ್ಯೋಗಿಯೊಬ್ಬರಿಗಾಗಿ ನಿಜವಾಗಿಯೂ ಮೌನ ಆಚರಿಸಿದ್ದರು. ಆ ಮೌನ ಹೇಗಿತ್ತು ಎಂದು ಬರೆಯಲು ನನಗೆ ಇಂದಿಗೂ ಕೈ ಬರುವುದಿಲ್ಲ. ಆಗ ಇನ್ನೊಂದು ಜೋಕಿನಿಂದ ಅದನ್ನು ಮುಚ್ಚಲು ಹೋಗಲಿಲ್ಲ. “ನನಗೆ ಗೊತ್ತಿರಲಿಲ್ಲ, ತಪ್ಪಾಯಿತು” ಎಂದು ನೇರವಾಗಿ ಹೇಳಿ, ಮುಂದಿನ ಹಾಡಿನವರನ್ನು ಕರೆದೆ. ಐದು ನಿಮಿಷದ ಹಾಡು ಮುಗಿದ ಮೇಲೆಯೇ ಮತ್ತೆ ಹಗುರವಾಗಿ ಮಾತನಾಡಿದ್ದು. ಅಂದಿನಿಂದ ಮೈಕು ಹಿಡಿಯುವ ಮೊದಲು, ಬೆಳಗಿನಿಂದ ಅಲ್ಲಿ ಏನೇನು ನಡೆದಿದೆ ಎಂದು ಸಂಘಟಕರನ್ನು ವಿಚಾರಿಸುತ್ತೇನೆ. ಸಿದ್ಧ ಸಾಲಿನ ಅಪಾಯ ಇರುವುದು ಇಲ್ಲಿಯೇ. ಅದಕ್ಕೆ ಎದುರಿಗಿರುವ ಸಭೆಯ ಪರಿಚಯವಿಲ್ಲ.

ಸಭೆಯನ್ನು ಹಳಿಯುವ ಮಾತಂತೂ ಬೇಡವೇ ಬೇಡ. “ನಿಮಗೆ ಅರ್ಥವಾಗಲಿಲ್ಲ ಅನ್ಸುತ್ತೆ” ಎಂದರೆ ಅಷ್ಟೂ ಜನ ಒಂದಾಗಿ ನಿಮ್ಮ ಎದುರು ಪಕ್ಷವಾಗುತ್ತಾರೆ.

ಓಪನ್ ಮೈಕ್‌ಗಳಿಗೆ ಹೋಗುವವ, ಬೆಂಗಳೂರು:
ಇಂಥ ಮಾತನ್ನು ನಮ್ಮಲ್ಲಿ ಸೇವರ್ ಎನ್ನುತ್ತೇವೆ. ಅಮೆರಿಕದ ಟಿವಿ ನಿರೂಪಕ ಜಾನಿ ಕಾರ್ಸನ್ 1962ರಿಂದ 1992ರವರೆಗೆ ಮೂವತ್ತು ವರ್ಷ ರಾತ್ರಿಯ ಕಾರ್ಯಕ್ರಮ ನಡೆಸಿದವರು. ಅವರ ಜೋಕು ಬಿದ್ದರೆ ವಾದ್ಯಗಾರರು ಹಳೆಯ ನೃತ್ಯದ ಹಾಡೊಂದನ್ನು ನುಡಿಸುವುದು, ಅವರು ಮುಖಭಾವ ಬದಲಿಸದೆ ಹೆಜ್ಜೆ ಹಾಕುವುದು ಒಂದು ಸಂಪ್ರದಾಯವೇ ಆಗಿತ್ತು, ಜನ ಅದಕ್ಕಾಗಿ ಕಾಯುತ್ತಿದ್ದರು. ಹಾಗಾಗಿ ಮೂರನೆಯ ಸಲ ಕನಿಕರ ಹುಟ್ಟುತ್ತದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸೋಲುವುದನ್ನೇ ಪಾತ್ರವಾಗಿಸಿಕೊಂಡವರಿಗೆ ಲೆಕ್ಕವಿಲ್ಲ. ನಾನಂತೂ ಕೆಲವೊಮ್ಮೆ ಏನೂ ಹೇಳುವುದಿಲ್ಲ. ನೋಟ್‌ಬುಕ್ ತೆಗೆದು, ಜೋಕನ್ನು ಎಲ್ಲರಿಗೂ ಕಾಣುವಂತೆ ಹೊಡೆದುಹಾಕಿ, ಮತ್ತೆ ಜೇಬಿಗೆ ಇಡುತ್ತೇನೆ. ಮಾತಿಗಿಂತ ಅದಕ್ಕೇ ಹೆಚ್ಚು ನಗು.

ಹಾಸ್ಯ ಭಾಷಣಕಾರ, ದಾವಣಗೆರೆ:
ಕಾರ್ಸನ್ ಅವರನ್ನು ಜನ ಪ್ರತಿ ರಾತ್ರಿ ನೋಡುತ್ತಿದ್ದರು, ಅವರ ಸೋಲಿಗೂ ಪರಿಚಯವಿತ್ತು. ವರ್ಷಕ್ಕೊಮ್ಮೆ ಐದು ನಿಮಿಷ ಸಿಗುವವರಿಗೆ ಅದು ಹೊಂದುತ್ತದೆಯೇ ಎಂಬುದು ನನ್ನ ಅನುಮಾನ. ನೋಟ್‌ಬುಕ್ಕಿನ ಉಪಾಯ ಮಾತ್ರ ಕದಿಯುವಂತಿದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಫೋನಿನ ರೆಕಾರ್ಡಿಂಗ್ ಕೇಳಿದೆ. ಜೋಕು ಮುಗಿದ ಮೇಲೆ ನಾನು ಕಾದದ್ದು ಒಂದು ಸೆಕೆಂಡೂ ಇಲ್ಲ, “ಅಂದ್ರೆ ನೀರಿನ ಸಮಸ್ಯೆ ಅಷ್ಟಿದೆ ಅಂತ” ಎಂದು ವಿವರಣೆ ಶುರು ಮಾಡಿದ್ದೇನೆ. ವಿಚಿತ್ರವೆಂದರೆ “ಬೋರ್‌ವೆಲ್” ಎಂದಾಗ ಇಬ್ಬರು ಮೂವರು ನಗಲು ಹೊರಟ ಸದ್ದಿದೆ, ಮತ್ತೆ ನಿಂತುಹೋಗಿದೆ.

ಹಾಸ್ಯ ಭಾಷಣಕಾರ, ದಾವಣಗೆರೆ:
ಅದು ವಿಚಿತ್ರವಲ್ಲ, ಕನ್ನಡದಲ್ಲಿ ಜೋಕು ಹೇಳುವವರಿಗೆಲ್ಲ ಬರುವ ಕಾಟ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದರ ಹಿಂದೆ “ಅಂತ ಕೇಳಿದರು ಅಂತ ಹೇಳ್ತಾ ಇದ್ದಳು” ಎಂಬ ಬಾಲವೂ ಸೇರಿದರೆ, ನಗಿಸುವ ಪದ ನಡುವೆ ಹೂತುಹೋಗುತ್ತದೆ. ಜನ ನಗಲು ಬಾಯಿ ತೆರೆದಾಗ ನೀವು ಇನ್ನೂ ಮಾತನಾಡುತ್ತಿದ್ದಿರಿ, ಮರ್ಯಾದಸ್ಥರು ಬಾಯಿ ಮುಚ್ಚಿಕೊಂಡರು. ಯಾರು ಹೇಳಿದರು ಎಂಬುದನ್ನು ಮೊದಲೇ ಮುಗಿಸಿ: “ಹುಡುಗನ ಮನೆಯವರನ್ನು ನಮ್ಮ ಭಾವ ಕೇಳಿದ್ದು ಒಂದೇ ಪ್ರಶ್ನೆ. ‘ಮನೆ ಬಾಡಿಗೇದಾದರೂ ಪರವಾಗಿಲ್ಲ. ಸ್ವಂತ ಬೋರ್‌ವೆಲ್?’” ಅಲ್ಲಿಗೆ ಬಾಯಿ ಮುಚ್ಚಿ. “ಇದೆಯಾ” ಎಂಬುದು ಕೂಡ ಬೇಡ.

ಆಗಲೂ ನಗದಿದ್ದರೆ ನಿಮ್ಮ ಜೋಕಿನಲ್ಲಿಯೇ ಸಾಲು ಇದೆ: “ಬೋರ್‌ವೆಲ್ ಬತ್ತಿದೆ. ನಗುವಿಗೂ ಟ್ಯಾಂಕರ್ ಬುಕ್ ಮಾಡಿದ್ದೇನೆ, ಎರಡು ದಿನ ಆಗುತ್ತಂತೆ.” ಮುಂದೆ ಯಾವಾಗಲಾದರೂ ಒಳ್ಳೆಯ ನಗು ಬಂದಾಗ “ಓ, ಟ್ಯಾಂಕರ್ ಬಂತು” ಎಂದರೆ ಸಾಕು.

ಪ್ರಶ್ನೆ ಕೇಳಿದವರು:
ಡಿಸೆಂಬರ್‌ನಲ್ಲಿ ಕೂರುವವರು ಅದೇ ಜನ. ಅದೇ ಜೋಕನ್ನು ಮತ್ತೆ ಹೇಳಬಹುದೇ?

ನಿರೂಪಕಿ, ಮಂಗಳೂರು:
ನಾನಾಗಿದ್ದರೆ ಹೇಳುವುದಿಲ್ಲ. ಅವರಿಗೆ ಜೋಕು ನೆನಪಿರದಿದ್ದರೂ ಆ ಮೌನ ನೆನಪಿರುತ್ತದೆ.

ಹಾಸ್ಯ ಭಾಷಣಕಾರ, ದಾವಣಗೆರೆ:
ಮೌನ ನೆನಪಿರುವುದರಿಂದಲೇ ಹೇಳಬೇಕು ಎನ್ನುತ್ತೇನೆ. ವೇದಿಕೆ ಹತ್ತಿದ ಕೂಡಲೇ, ನಮಸ್ಕಾರಕ್ಕೂ ಮೊದಲು: “ನವೆಂಬರ್‌ನಲ್ಲಿ ಬುಕ್ ಮಾಡಿದ ಟ್ಯಾಂಕರ್ ಈಗ ಬಂದಿದೆ. ಆ ಜೋಕಿಗೆ ನಗಬೇಕಾದವರು ದಯವಿಟ್ಟು ಬಿಂದಿಗೆ ತನ್ನಿ.”